ಗೆದ್ದವರು ಗದ್ದುಗೆ ಏರಲಿಲ್ಲ, ಯಾಕೆ?

ಹಾಸ್ಟೆಲ್‌ನಲ್ಲಿ ಒಂದು ಶನಿವಾರ ರಾತ್ರಿ ನಾಲ್ಕೈದು ಜನ ಒಂದೇ ಲ್ಯಾಪ್‌ಟಾಪ್ ಸುತ್ತ ಕುಳಿತು ಸಮುರಾಯ್ ಸಿನಿಮಾ ನೋಡುತ್ತಿದ್ದೆವು. ಮಧ್ಯದಲ್ಲಿ ಮೆಕ್ಯಾನಿಕಲ್ ಓದುವ ಗೆಳೆಯನೊಬ್ಬ ಕೇಳಿದ: "ಲೋ, ಸೈನ್ಯ ಶೋಗನ್‌ದು, ಕೋಟೆ ಅವನದು, ದುಡ್ಡೂ ಅವನದೇ. ಆ ಚಕ್ರವರ್ತಿ ಅರಮನೇಲಿ ಸುಮ್ನೆ ಕೂತಿದಾನೆ. ಅವನನ್ನ ಎಬ್ಬಿಸಿ ಇವನೇ ಕೂತ್ಕೋಬಾರ್ದಿತ್ತಾ?"

ಯಾರ ಹತ್ತಿರವೂ ಉತ್ತರವಿರಲಿಲ್ಲ. ಸೆಮಿಸ್ಟರ್ ರಜೆಯಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿದೆ. ಜಪಾನಿನಲ್ಲಿ 1192ರಿಂದ 1867ರವರೆಗೆ, ನಡುವಿನ ಕೆಲವು ಬಿಡುವುಗಳನ್ನು ಬಿಟ್ಟರೆ, ಶೋಗನ್ ಎಂಬ ಸೇನಾಧಿಪತಿ ಇದ್ದ, ಪಕ್ಕದಲ್ಲಿ ಚಕ್ರವರ್ತಿಯೂ ಇದ್ದ. ಇದು ಹೇಗೆ ಸಾಧ್ಯವಾಯಿತು ಎಂಬುದು 1221ರ ಒಂದೇ ಒಂದು ತಿಂಗಳ ಯುದ್ಧದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದಕ್ಕೆ ಮೊದಲು ಸಮುರಾಯ್‌ಗಳು ಎಲ್ಲಿಂದ ಬಂದರು ಎಂದು ನೋಡಬೇಕು.

'ಸಮುರಾಯ್' ಎಂಬ ಮಾತಿನ ಮೂಲ ಅರ್ಥ ವೀರ ಎಂದಲ್ಲ, ಸೇವೆಗೆ ನಿಂತವನು ಎಂದು. ಎಂಟನೇ ಶತಮಾನದಲ್ಲಿ ಜಪಾನಿನ ಅರಮನೆಗೆ ರೈತರನ್ನೇ ಕಡ್ಡಾಯವಾಗಿ ಸೇರಿಸಿಕೊಂಡ ಸೈನ್ಯವಿತ್ತು. 792ರಲ್ಲಿ ಅದನ್ನು ಬಹುಮಟ್ಟಿಗೆ ಕೈಬಿಟ್ಟರು. ಜಿಲ್ಲೆಯ ಅಧಿಕಾರಿಗಳ ಮಕ್ಕಳು, ಸ್ವಂತ ಕುದುರೆ ಇದ್ದವರು, ಕಾವಲಿಗೆ ಬಂದರು. ಅದೇ ಕಾಲಕ್ಕೆ ಕ್ಯೋಟೊದ ದೊಡ್ಡ ಮನೆತನಗಳು ಮತ್ತು ದೇವಾಲಯಗಳು ದೂರದ ಪ್ರಾಂತ್ಯಗಳಲ್ಲಿ ತೆರಿಗೆ ವಿನಾಯಿತಿಯ ಜಮೀನುಗಳನ್ನು ಮಾಡಿಕೊಳ್ಳುತ್ತಿದ್ದವು. ಒಡೆಯರು ರಾಜಧಾನಿಯಲ್ಲಿ, ಜಮೀನು ನೂರಾರು ಮೈಲಿ ಆಚೆ. ಕಂದಾಯ ವಸೂಲಿ ಮಾಡಲು, ಗಡಿ ತಂಟೆ ಬಗೆಹರಿಸಲು, ಕಳ್ಳರನ್ನು ಅಟ್ಟಲು ಸ್ಥಳದಲ್ಲೇ ಒಬ್ಬ ಗಟ್ಟಿ ಆಸಾಮಿ ಬೇಕಿತ್ತು. ಆ ಆಸಾಮಿಯೇ ಕುದುರೆಯ ಮೇಲೆ ಕುಳಿತು ಬಾಣ ಬಿಡುವ ಸಮುರಾಯ್. ಕತ್ತಿಯಲ್ಲ, ಬಿಲ್ಲೇ ಅವನ ಮುಖ್ಯ ಆಯುಧ.

ಇವರಿಗೆ ನಾಯಕರೂ ಅರಮನೆಯಿಂದಲೇ ಬಂದರು. ಚಕ್ರವರ್ತಿಗಳಿಗೆ ಮಕ್ಕಳು ಹೆಚ್ಚಾದಾಗ ಕೆಲವರಿಗೆ ಮಿನಾಮೊಟೊ, ತೈರಾ ಎಂಬ ಮನೆತನದ ಹೆಸರು ಕೊಟ್ಟು ರಾಜವಂಶದಿಂದ ಹೊರಗಿಡುತ್ತಿದ್ದರು. ಅಂಥವರ ಪೈಕಿ ಕೆಲವರು ಪ್ರಾಂತ್ಯಗಳಿಗೆ ಅಧಿಕಾರಿಗಳಾಗಿ ಹೋಗಿ ಅಲ್ಲೇ ನೆಲೆಸಿದರು. ರಾಜರಕ್ತದ ಹೆಸರಿನ ಸುತ್ತ ಸ್ಥಳೀಯ ಬಿಲ್ಲುಗಾರರು ಸೇರಿಕೊಂಡರು.

ಗೆಳೆಯ ಕೇಳಿದ್ದನ್ನು ಒಬ್ಬ ನಿಜವಾಗಿಯೂ ಮಾಡಿನೋಡಿದ್ದ. ಅವನ ಹೆಸರು ತೈರಾ ಮಸಾಕಾದೊ. 939ರಲ್ಲಿ ಪೂರ್ವದ ಪ್ರಾಂತ್ಯಗಳ ಸರ್ಕಾರಿ ಕಚೇರಿಗಳಿಗೆ ನುಗ್ಗಿ, ಮೊಹರುಗಳನ್ನೂ ಬೀಗದ ಕೈಗಳನ್ನೂ ಕಿತ್ತುಕೊಂಡು, ತಾನೇ 'ಹೊಸ ಚಕ್ರವರ್ತಿ' ಎಂದು ಸಾರಿಕೊಂಡ. ಕೆಲವೇ ತಿಂಗಳಲ್ಲಿ, 940ರ ಆರಂಭದಲ್ಲಿ, ಅವನ ತಲೆ ಉರುಳಿತು. ಕೊಂದವರು ಅರಮನೆಯ ಮಂತ್ರಿಗಳಲ್ಲ, ಅವನ ದಾಯಾದಿ ಸದಾಮೊರಿ ಮತ್ತು ಇನ್ನೊಬ್ಬ ಪ್ರಾಂತೀಯ ಯೋಧ. ಇಬ್ಬರಿಗೂ ಕ್ಯೋಟೊದಿಂದ ಪದವಿ ಸಿಕ್ಕಿತು. ಒಬ್ಬ ಸಮುರಾಯ್ ಚಕ್ರವರ್ತಿಯಾಗಲು ಹೊರಟರೆ ಉಳಿದ ಸಮುರಾಯ್‌ಗಳಿಗೆ ಅವನನ್ನು ಕೊಲ್ಲುವುದೇ ಲಾಭ ಎಂಬ ಪಾಠ ಅಲ್ಲಿಗೇ ಸಿಕ್ಕಿತ್ತು.

ಮಿನಾಮೊಟೊ ಯೊರಿತೊಮೊ ಈ ತಪ್ಪು ಮಾಡಲಿಲ್ಲ. 1185ರಲ್ಲಿ ತೈರಾ ಮನೆತನವನ್ನು ಸಮುದ್ರದ ಕಾಳಗದಲ್ಲಿ ಮುಗಿಸಿದ ಮೇಲೂ ಅವನು ಕ್ಯೋಟೊದಲ್ಲಿ ಕೂರದೆ ಪೂರ್ವದ ಕಾಮಾಕುರದಲ್ಲೇ ಉಳಿದ. ಅರಮನೆಯಿಂದ ಒಂದು ಹಕ್ಕು ಪಡೆದುಕೊಂಡ: ಜಮೀನುಗಳಿಗೆ 'ಜಿತೋ' ಎಂಬ ಪಾರುಪತ್ಯಗಾರರನ್ನು ತಾನೇ ನೇಮಿಸುವುದು. ಮೊದಲು ಸಮುರಾಯ್‌ನ ಕೆಲಸ ಕ್ಯೋಟೊದ ಒಡೆಯನ ಮರ್ಜಿಯಲ್ಲಿತ್ತು, ಅವನು ಬೇಡ ಎಂದರೆ ಮನೆಗೆ. ಈಗ ಜಿತೋನನ್ನು ತೆಗೆಯುವ ಅಧಿಕಾರ ಕಾಮಾಕುರಕ್ಕೆ ಮಾತ್ರ. 1192ರಲ್ಲಿ ಚಕ್ರವರ್ತಿಯ ಆಸ್ಥಾನ ಅವನಿಗೆ 'ಸೇಯಿ ತೈಶೋಗನ್' ಎಂಬ ಬಿರುದು ಕೊಟ್ಟಿತು. ಹಿಂದೆ ಈಶಾನ್ಯದ ಬುಡಕಟ್ಟುಗಳ ಮೇಲೆ ದಂಡೆತ್ತಿ ಹೋಗುವ ಸೇನಾಪತಿಗೆ ಕೊಡುತ್ತಿದ್ದ ಬಿರುದು ಅದು. ಶೋಗನ್ ಪದವಿಯನ್ನು ಶೋಗನ್ ತಾನೇ ತೆಗೆದುಕೊಳ್ಳುವಂತಿರಲಿಲ್ಲ, ಚಕ್ರವರ್ತಿ ಕೊಡಬೇಕಿತ್ತು.

ಈಗ 1221ಕ್ಕೆ ಬರೋಣ. ಯೊರಿತೊಮೊ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು. ಅವನ ಇಬ್ಬರು ಗಂಡುಮಕ್ಕಳೂ ಶೋಗನ್ ಆಗಿ ಕೊಲೆಯಾದರು. ಎರಡನೆಯವನನ್ನು 1219ರಲ್ಲಿ ದೇವಾಲಯದ ಆವರಣದಲ್ಲಿ ಅಣ್ಣನ ಮಗನೇ ಕಡಿದು ಹಾಕಿದ. ಕಾಮಾಕುರವನ್ನು ನಡೆಸುತ್ತಿದ್ದವರು ಯೊರಿತೊಮೊನ ವಿಧವೆ, ಸನ್ಯಾಸಿನಿ ಮಾಸಾಕೊ ಮತ್ತು ಆಕೆಯ ತಮ್ಮ ಹೋಜೊ ಯೋಶಿತೋಕಿ. ಕ್ಯೋಟೊದಲ್ಲಿ ಗೋತೋಬ ಎಂಬ ನಿವೃತ್ತ ಚಕ್ರವರ್ತಿ ಇದ್ದ. ಆಗ ಸಿಂಹಾಸನ ಬಿಟ್ಟವರೇ ಆಸ್ಥಾನ ಆಳುವ ಪದ್ಧತಿಯಿತ್ತು. ಗೋತೋಬ ಕವಿ, ಜೊತೆಗೆ ಕತ್ತಿ-ಬಿಲ್ಲುಗಳ ಹುಚ್ಚಿದ್ದವನು.

ಶೋಗನ್ ಕುರ್ಚಿ ಖಾಲಿಯಾದಾಗ ಕಾಮಾಕುರದವರು, ನಿಮ್ಮ ಮಗನೊಬ್ಬನನ್ನು ಶೋಗನ್ ಆಗಿ ಕಳಿಸಿ ಎಂದು ಗೋತೋಬನನ್ನು ಕೇಳಿದರು. ಅವನು ಒಪ್ಪಲಿಲ್ಲ. ಬದಲಿಗೆ ತನ್ನ ಪ್ರೀತಿಯ ನರ್ತಕಿಗೆ ಸೇರಿದ್ದ ನಾಗಾಯೆ, ಕುರಾಹಾಶಿ ಎಂಬ ಎರಡು ಜಮೀನುಗಳ ಜಿತೋನನ್ನು ತೆಗೆಯಿರಿ ಎಂದ. ಯೋಶಿತೋಕಿ ಆಗುವುದಿಲ್ಲ ಎಂದ. ಎರಡು ಜಮೀನು ದೊಡ್ಡ ವಿಷಯವೇನಲ್ಲ. ಆದರೆ ಕ್ಯೋಟೊ ಕೇಳಿತೆಂದು ಒಬ್ಬ ಜಿತೋನನ್ನು ಬಿಟ್ಟುಕೊಟ್ಟರೆ, ಉಳಿದವರು ಕಾಮಾಕುರವನ್ನು ಯಾಕೆ ನಂಬಬೇಕು?

ಐದನೇ ತಿಂಗಳ 15ನೇ ತಾರೀಖು, ಯೋಶಿತೋಕಿಯನ್ನು ಬೇಟೆಯಾಡಿ ಎಂದು ಗೋತೋಬ ಎಲ್ಲ ಪ್ರಾಂತ್ಯಗಳಿಗೂ ಆಜ್ಞೆ ಹೊರಡಿಸಿದ. ಅವನ ಲೆಕ್ಕ ಸರಳ: ಚಕ್ರವರ್ತಿಯ ಕಡೆಯಿಂದ ಆಜ್ಞೆ ಬಂದರೆ ಸಮುರಾಯ್‌ಗಳು ತಾವಾಗಿಯೇ ಹೋಜೊ ಮನೆತನವನ್ನು ಮುಗಿಸುತ್ತಾರೆ, ಮಸಾಕಾದೊನನ್ನು ಮುಗಿಸಿದ ಹಾಗೆ. ಸುದ್ದಿ 19ರಂದು ಕಾಮಾಕುರ ಮುಟ್ಟಿತು. ರಾಜದ್ರೋಹಿ ಎನಿಸಿಕೊಳ್ಳುವ ಹೆದರಿಕೆ ಎಲ್ಲರಿಗೂ ಇತ್ತು. ಆಗ ಮಾಸಾಕೊ ಯೋಧರನ್ನು ಸೇರಿಸಿ, ಯೊರಿತೊಮೊ ಬರುವ ಮುಂಚೆ ನಿಮ್ಮ ಸ್ಥಿತಿ ಏನಿತ್ತು, ಈಗಿನ ಪದವಿ, ಜಮೀನು ಯಾರಿಂದ ಬಂತು ಎಂದು ನೆನಪಿಸಿದಳು. ಆ ಕಡೆ ಹೋಗುವವರಿದ್ದರೆ ಈಗಲೇ ಹೇಳಿ ಹೋಗಿ ಎಂದಳು. ಯಾರೂ ಹೋಗಲಿಲ್ಲ.

ಮುಂದಿನ ಚರ್ಚೆ, ಬೆಟ್ಟದ ದಾರಿಗಳಲ್ಲಿ ಕಾವಲು ನಿಂತು ಕಾಯುವುದೋ, ಕ್ಯೋಟೊಗೇ ನುಗ್ಗುವುದೋ? ಕಾದರೆ ದಿನಕ್ಕೊಬ್ಬರ ಮನಸ್ಸು ಬದಲಾಗುತ್ತದೆ, ಈಗಲೇ ಹೊರಡಿ ಎಂದವನು ಕ್ಯೋಟೊ ಮೂಲದ ವಿದ್ವಾಂಸ ಓಯೆ ಹಿರೊಮೊತೊ. 22ರಂದು ಯೋಶಿತೋಕಿಯ ಮಗ ಯಾಸುತೋಕಿ ಬರೀ 18 ಸವಾರರೊಂದಿಗೆ ಹೊರಟ. ದಾರಿಯುದ್ದಕ್ಕೂ ಸಮುರಾಯ್‌ಗಳು ಬಂದು ಸೇರುತ್ತಾ ಹೋದರು. ಕ್ಯೋಟೊದ ಹೊರಗೆ ಮಳೆಗೆ ಉಕ್ಕಿದ್ದ ಉಜಿ ನದಿಯಲ್ಲಿ ನೂರಾರು ಜನ ಕೊಚ್ಚಿಹೋದರೂ ಸೈನ್ಯ ದಾಟಿತು. ಆರನೇ ತಿಂಗಳ 15ರಂದು ರಾಜಧಾನಿ ಕೈಗೆ ಬಂತು. ಆಜ್ಞೆ ಹೊರಟು ಒಂದೇ ತಿಂಗಳು.

ಹದಿನಾಲ್ಕನೇ ಶತಮಾನದ ಗ್ರಂಥವೊಂದು ಇಲ್ಲಿ ಒಂದು ಪ್ರಸಂಗ ಹೇಳುತ್ತದೆ. ಹೊರಟಿದ್ದ ಯಾಸುತೋಕಿ ಹಿಂದಿರುಗಿ ಬಂದು, "ಎದುರಿಗೆ ಚಕ್ರವರ್ತಿಯ ಪಲ್ಲಕ್ಕಿಯೇ ಬಂದರೆ ಏನು ಮಾಡಲಿ?" ಎಂದು ತಂದೆಯನ್ನು ಕೇಳಿದನಂತೆ. ಚಕ್ರವರ್ತಿ ತಾನೇ ಬಂದರೆ ಬಿಲ್ಲಿನ ಹೆದೆ ಕತ್ತರಿಸಿ ಶರಣಾಗು, ಬರೀ ಸೈನ್ಯ ಕಳಿಸಿದರೆ ಕೊನೆಯವನು ಸಾಯುವವರೆಗೂ ಹೋರಾಡು ಎಂದನಂತೆ ಯೋಶಿತೋಕಿ. ನಡೆದದ್ದೋ ಕಟ್ಟಿದ್ದೋ, ಸಮುರಾಯ್‌ಗಳ ಮನಸ್ಸಿನಲ್ಲಿದ್ದ ಗೆರೆ ಎಲ್ಲಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ.

ಗೆದ್ದ ಮೇಲೆ ಅವರು ಮೆತ್ತಗಾಗಲಿಲ್ಲ. ಗೋತೋಬನನ್ನು ಓಕಿ ದ್ವೀಪಕ್ಕೆ ಗಡೀಪಾರು ಮಾಡಿದರು, 1239ರಲ್ಲಿ ಅವನು ಅಲ್ಲೇ ಸತ್ತ. ಅವನ ಮಗ ಜುಂತೋಕುನನ್ನು ಸಾದೊ ದ್ವೀಪಕ್ಕೆ ಅಟ್ಟಿದರು. ಸಿಂಹಾಸನದಲ್ಲಿದ್ದ ಎಳೆಯ ಮಗುವನ್ನು ಇಳಿಸಿದರು. ಸುಮಾರು 3,000 ಜಮೀನುಗಳನ್ನು ವಶಪಡಿಸಿಕೊಂಡರು. ಆದರೆ ಸಿಂಹಾಸನವನ್ನು ಮಾತ್ರ ಮುಟ್ಟಲಿಲ್ಲ. ಅದೇ ರಾಜವಂಶದ ಬೇರೆ ಶಾಖೆಯ ಹುಡುಗನೊಬ್ಬನನ್ನು ತಂದು ಕೂರಿಸಿದರು.

ಯಾಕೆ? ಆ 3,000 ಜಮೀನುಗಳಿಗೆ ಹೊಸದಾಗಿ ಹೋದ ಜಿತೋಗಳನ್ನು ನೋಡಿದರೆ ತಿಳಿಯುತ್ತದೆ. ಅವರಿಗೆ ಎಷ್ಟು ಸಿಗಬೇಕು ಎಂದು 1223ರಲ್ಲಿ ಒಂದು ದರ ಗೊತ್ತು ಮಾಡಿದರು. ಪ್ರತಿ 11 ಪಾಲು ಭೂಮಿಯಲ್ಲಿ 1 ಪಾಲು ಜಿತೋನದು, ಜೊತೆಗೆ ವಿಸ್ತೀರ್ಣದ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುವರಿ ಅಕ್ಕಿ. ಉಳಿದ ಕಂದಾಯ ಹಿಂದಿನಂತೆ ಒಡೆಯರಿಗೆ, ಅಂದರೆ ಕ್ಯೋಟೊದ ಮನೆತನಗಳಿಗೆ ಮತ್ತು ದೇವಾಲಯಗಳಿಗೆ. ಸಮುರಾಯ್‌ನ ಪಾಲು ಹಳೆಯ ಪತ್ರದ ಮೇಲೆ ಕೂತಿತ್ತು. ಆ ಪತ್ರಗಳ ಬುಡ ಆಸ್ಥಾನ. ಸಿಂಹಾಸನವನ್ನೇ ಕಿತ್ತರೆ ಒಡೆಯನ ಹಕ್ಕು ಮಾತ್ರವಲ್ಲ, ಜಿತೋನ ಹಕ್ಕೂ ಶೋಗನ್‌ನ ಬಿರುದೂ ಗಾಳಿಗೆ ತೂರಿದಂತೆ. ಆಮೇಲೆ ಯಾವ ಸಮುರಾಯ್ ಬೇಕಾದರೂ ಎದ್ದು ನಿಂತು, ನಿನಗಿರುವ ಹಕ್ಕು ನನಗೇಕಿಲ್ಲ ಎಂದು ಕೇಳಬಹುದಿತ್ತು.

ತಮಾಷೆಯೆಂದರೆ ಶೋಗನ್‌ಗೂ ಇದೇ ಗತಿ ಬಂತು. ಕ್ಯೋಟೊದ ಕುಲೀನ ಮನೆತನದಿಂದ ಎರಡು ವರ್ಷದ ಮಗುವನ್ನು ಕಾಮಾಕುರಕ್ಕೆ ತಂದು, 1226ರಲ್ಲಿ ಶೋಗನ್ ಮಾಡಿದರು. ಆಳಿದವರು ಹೋಜೊ ಮನೆತನದವರು, ಅವರ ಹುದ್ದೆಯ ಹೆಸರು 'ಶಿಕ್ಕೆನ್'. ಹೆಸರಿಗೆ ಚಕ್ರವರ್ತಿ, ಅವನ ಹೆಸರಲ್ಲಿ ಶೋಗನ್, ಶೋಗನ್ ಹೆಸರಲ್ಲಿ ಶಿಕ್ಕೆನ್. ಹೋಜೊಗಳು ತಾವು ಶೋಗನ್ ಕೂಡ ಆಗಲಿಲ್ಲ, ಕಾರಣ ಅದೇ.

1603ರಲ್ಲಿ ಬಂದ ತೋಕುಗಾವ ಶೋಗನ್‌ಗಳು ಇದನ್ನು ಬರಹಕ್ಕಿಳಿಸಿದರು. 1615ರಲ್ಲಿ ಅವರು ಆಸ್ಥಾನಕ್ಕೆ 17 ಕಲಮುಗಳ ನಿಯಮಾವಳಿ ಮಾಡಿದಾಗ, ಮೊದಲ ಕಲಮೇ ಚಕ್ರವರ್ತಿ ವಿದ್ಯೆಯಲ್ಲಿ ತೊಡಗಿರಬೇಕು ಎಂದು. ಅಂದರೆ ರಾಜಕೀಯ ಬೇಡ. ಆದರೂ ಹೊಸ ಶೋಗನ್ ಬಂದಾಗಲೆಲ್ಲ ನೇಮಕ ಚಕ್ರವರ್ತಿಯ ಹೆಸರಿನಲ್ಲೇ ಆಗುತ್ತಿತ್ತು.

ಹಾಗೆ ಉಳಿಸಿದ ಬಾಗಿಲೇ ಕೊನೆಗೆ ಅವರ ಮೇಲೆ ತೆರೆಯಿತು. 1858ರಲ್ಲಿ ಅಮೆರಿಕದ ಜೊತೆಗಿನ ವಾಣಿಜ್ಯ ಒಪ್ಪಂದಕ್ಕೆ ವಿರೋಧ ಎದ್ದಾಗ, ಬೆಂಬಲ ಬೇಕೆಂದು ಶೋಗನ್ ಸರ್ಕಾರ ಕ್ಯೋಟೊದ ಒಪ್ಪಿಗೆ ಕೇಳಿತು. ಚಕ್ರವರ್ತಿ ಒಪ್ಪಲಿಲ್ಲ. ಕೇಳುವ ಅಗತ್ಯ ಬಿತ್ತು ಎಂದರೆ ಕೊಡದಿರುವ ಅಧಿಕಾರವೂ ಅಲ್ಲಿದೆ ಎಂದು ವಿರೋಧಿಗಳಿಗೆ ಅರ್ಥವಾಯಿತು. 1867ರಲ್ಲಿ ಕೊನೆಯ ಶೋಗನ್ ಯೋಶಿನೊಬು ಅಧಿಕಾರವನ್ನು ಚಕ್ರವರ್ತಿಗೆ 'ಹಿಂದಿರುಗಿಸಿದ'. 1868ರ ಜನವರಿಯಲ್ಲಿ ಕ್ಯೋಟೊದ ಹೊರವಲಯದಲ್ಲಿ ಅವನ ಸೈನ್ಯ ವಿರೋಧಿಗಳ ಎದುರು ನಿಂತಿತು. ಸಂಖ್ಯೆಯಲ್ಲಿ ಇವರೇ ಹೆಚ್ಚು. ಆಗ ಎದುರುಪಾಳೆಯದಲ್ಲಿ ಚಕ್ರವರ್ತಿಯ ಜರಿಯ ಬಾವುಟ ಮೇಲೆದ್ದಿತು. ಆಗಷ್ಟೇ ಹೊಸದಾಗಿ ಹೊಲಿಸಿದ ಬಾವುಟ ಅದು. ಅದನ್ನು ನೋಡಿ ಶೋಗನ್ ಕಡೆಯವರ ಧೈರ್ಯ ಕುಸಿಯಿತು. ಯೋಶಿನೊಬು ರಾತ್ರೋರಾತ್ರಿ ಹಡಗು ಹತ್ತಿ ಎಡೊಗೆ ಮರಳಿದ, ಮುಂದೆ ಶರಣಾದ. ಆಗ ಚಕ್ರವರ್ತಿಗೆ 15 ವರ್ಷ.

ರಜೆ ಮುಗಿಸಿ ಬಂದ ಮೇಲೆ ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಆ ಮುದುಕ ಯೋಶಿತೋಕಿ ಮಗನಿಗೆ ಹೇಳಿದ್ದು 1868ರಲ್ಲಿ ನಡೀತು ಅನ್ನು" ಎಂದ. ಪಲ್ಲಕ್ಕಿ ಬರಲಿಲ್ಲ, ಬಾವುಟ ಬಂತು. ಹೆದೆ ಕತ್ತರಿಸಲು ಅಷ್ಟೇ ಸಾಕಾಯಿತು.