ಪ್ರಕಟಣೆಯ ತಿದ್ದುಪಡಿ

ಅಂತರಜಾಲದ ಮೂಲಕ ಛಂದಸ್ಸನ್ನು ಕಲಿಸಬಯಸಿದ ಅಧ್ಯಾಪಕರೊಬ್ಬರು ಮೊದಲು ಹೀಗೆ ಪ್ರಕಟಿಸಿದರು: “ಆಸಕ್ತರೆಲ್ಲರಿಗೂ ಸ್ವಾಗತ! ಛಂದಸ್ಸಿನ ಮರ್ಮವನ್ನು ತಿಳಿಯುವಿರಿ. ಶುಲ್ಕ ಅತ್ಯಲ್ಪ.” ಮರುದಿನವೇ ಪ್ರಶ್ನೆಗಳು ಬಂದವು. ಹಳಗನ್ನಡ ಬಲ್ಲವರೇ ಸೇರಬೇಕೇ? ಪದ್ಯ ಬರೆಯಲು ಕಲಿಸುವಿರಾ? ಹಣವೆಷ್ಟು? ಪ್ರಕಟಣೆ ಹೇಳದೆ ಬಿಟ್ಟುದೇನೆಂಬುದನ್ನು ಈ ಪ್ರಶ್ನೆಗಳೇ ತೋರಿಸಿಕೊಟ್ಟವು.

ಅವರು ಅದನ್ನು ತಿದ್ದಿ ಬರೆದರು: “ಹೊಸಗನ್ನಡವನ್ನು ತಡವರಿಸದೆ ಓದಬಲ್ಲ, ಆದರೆ ಲಘು-ಗುರುಗಳನ್ನು ಅರಿಯದವರಿಗಾಗಿ ಎಂಟು ಪಾಠಗಳು. ಕೊನೆಯಲ್ಲಿ ನೀವು ಕಂದಪದ್ಯಕ್ಕೆ ಪ್ರಸ್ತಾರ ಹಾಕಿ, ನಾಲ್ಕು ಮಾತ್ರೆಗಳ ಗಣಗಳಾಗಿ ವಿಂಗಡಿಸಬಲ್ಲಿರಿ. ಪದ್ಯರಚನೆಯನ್ನು ಕಲಿಸುವುದಿಲ್ಲ. ಒಟ್ಟು ಶುಲ್ಕ 800 ರೂಪಾಯಿ, ಬೇರೆ ವೆಚ್ಚವಿಲ್ಲ. ಎರಡನೆಯ ಪಾಠಕ್ಕೆ ಮುನ್ನ ಬಿಟ್ಟವರಿಗೆ ಪೂರ್ಣ ಹಣವನ್ನು ಹಿಂದಿರುಗಿಸಲಾಗುವುದು.”

‘ಅತ್ಯಲ್ಪ’ವೆಂಬುದು ಬೆಲೆಯಲ್ಲ, ಬೆಲೆಯನ್ನು ಕುರಿತ ಅಭಿಪ್ರಾಯ, ಒಬ್ಬನಿಗೆ ಅಲ್ಪವಾದುದು ಮತ್ತೊಬ್ಬನಿಗೆ ಎರಡು ದಿನದ ಕೂಲಿ. ಮರ್ಮ ತಿಳಿಯಿತೋ ಇಲ್ಲವೋ ಎಂದು ಪರೀಕ್ಷಿಸುವ ಬಗೆಯಿಲ್ಲ. ಪ್ರಸ್ತಾರ ಹಾಗಲ್ಲ, ಕಂದದ ಮೊದಲ ಸಾಲಿನಲ್ಲಿ ಮೂರು, ಎರಡನೆಯದರಲ್ಲಿ ಐದು ಗಣಗಳು ಬಂದವೇ ಎಂದು ಕಲಿತವನೇ ಎಣಿಸಿ ನೋಡಬಹುದು. ‘ಕಲಿಸುವುದಿಲ್ಲ’ವೆಂಬ ಮಾತನ್ನು ಕಂಡು, ಕವಿಗಳಾಗಬಯಸಿದ ಕೆಲವರು ಸೇರದೆ ಹೋದಾರು. ಹಣ ತೆತ್ತು ಮೂರನೆಯ ಪಾಠದಲ್ಲಿ ಮುನಿದೇಳುವುದಕ್ಕಿಂತ ಅದು ಅವರಿಗೂ ಅಧ್ಯಾಪಕರಿಗೂ ಲೇಸು.