ಪಟ್ಟಿ ಮೊದಲು, ಮಾತು ಆಮೇಲೆ

ಕಳೆದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೋಗಿದ್ದೆ. ಹೈದರಾಬಾದಿನಿಂದ ತಮ್ಮನೂ ಬಂದಿದ್ದ. ಪಾಡ್ಯದ ದಿನ ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ, ಎರಡು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಮಾತು ಬಾಯಿಂದ ಬಂದುಬಿಟ್ಟಿತು.

"ನೀನೂ ಸ್ವಲ್ಪ ನೋಡ್ಕೋಬೇಕಪಾ. ಎಲ್ಲಾ ನನ್ನ ಮ್ಯಾಲೇ ಬಿದ್ದದ."

"ನಾ ಏನೂ ಮಾಡೂದಿಲ್ಲ ಅಂತ ನಿನಗ್ಯಾರು ಹೇಳಿದ್ರು?" ಅಂದ ತಮ್ಮ.

ಐದು ನಿಮಿಷದೊಳಗೆ ನಾವು ಅಪ್ಪನ ಆರೈಕೆಯನ್ನು ಬಿಟ್ಟು ಮೂವತ್ತು ವರ್ಷ ಹಿಂದಕ್ಕೆ ಹೋಗಿದ್ದೆವು. ಅವನ ಇಂಜಿನಿಯರಿಂಗ್ ಸೀಟಿಗಾಗಿ ಮಾರಿದ ಸೈಟನ್ನು ನಾನು ತೆಗೆದೆ. ನನ್ನ ಮದುವೆಗೆ ಅಪ್ಪ ಮಾಡಿದ ಸಾಲವನ್ನು ತನ್ನ ಮೊದಲ ನೌಕರಿಯ ಸಂಬಳದಲ್ಲಿ ತೀರಿಸಿದ್ದನ್ನು ಅವನು ತೆಗೆದ. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಮನಸ್ಸಿಗೆ ಕಸಿವಿಸಿಯಾದರೆ ಕೈ ನಡುಕ ಹೆಚ್ಚುತ್ತದೆ. ಅವರ ಕೈಯಲ್ಲಿದ್ದ ನೀರಿನ ಲೋಟ ಅಲುಗಾಡಿ ಧೋತರದ ಮೇಲೆ ಚೆಲ್ಲಿತು. ಅವ್ವ ಏನೂ ಅನ್ನದೆ ಅಡುಗೆಮನೆಗೆ ಎದ್ದುಹೋದಳು. ಮರುದಿನ ನಸುಕಿನಲ್ಲಿ ತಮ್ಮ ಹೊರಟುಹೋದ.

ಪುಣೆಗೆ ವಾಪಸು ಬರುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಾನು ಕೇಳಿದ್ದು ತಪ್ಪಲ್ಲ. ಆದರೆ ನಿಜವಾಗಿ ಏನು ಕೇಳಿದ್ದೆ? "ಸ್ವಲ್ಪ ನೋಡ್ಕೋಬೇಕು" ಅನ್ನುವುದಕ್ಕೆ ಹೂಂ ಎನ್ನಲೂ ಆಗುವುದಿಲ್ಲ, ಉಹೂಂ ಎನ್ನಲೂ ಆಗುವುದಿಲ್ಲ. ಅದರಲ್ಲಿ ಕೆಲಸದ ಹೆಸರಿಲ್ಲ, ದೂರು ಮಾತ್ರ ಇದೆ. ದೂರಿಗೆ ಉತ್ತರವಾಗಿ ಬರುವುದು ಇನ್ನೊಂದು ದೂರೇ. ಅದೂ ಹಬ್ಬದ ದಿನ, ಅಪ್ಪ ಅವ್ವನ ಕಣ್ಣೆದುರಿಗೆ. ಅವರ ಮುಂದೆ ಕುಳಿತರೆ ನಾವಿಬ್ಬರೂ ಐವತ್ತರ ಆಸುಪಾಸಿನವರಾಗಿ ಉಳಿಯುವುದಿಲ್ಲ, ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಜಗಳಾಡುವ ಮಕ್ಕಳಾಗಿಬಿಡುತ್ತೇವೆ.

ಮರುದಿನವೇ ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡು ಒಂದು ತಿಂಗಳು ಎಲ್ಲವನ್ನೂ ಬರೆದಿಟ್ಟೆ. ತಮ್ಮನಿಗೆ ತೋರಿಸಿ ಬಾಯಿ ಮುಚ್ಚಿಸಬೇಕೆಂದು ಅಲ್ಲ, ನಾನು ಮಾಡುತ್ತಿರುವುದಾದರೂ ಏನು ಎಂದು ನನಗೇ ತಿಳಿಯಲೆಂದು. ತಿಂಗಳ ಕೊನೆಗೆ ಲೆಕ್ಕ ಹೀಗಿತ್ತು: ಎರಡು ಸಲ ಊರಿಗೆ ಹೋಗಿದ್ದು, ಅದಕ್ಕೆ ಮೂರು ದಿನ ರಜೆ. ಡಾಕ್ಟರು, ಔಷಧಿ ಅಂಗಡಿ, ಫಿಸಿಯೋಥೆರಪಿಯವರು, ಹಗಲು ಹೊತ್ತು ಅಪ್ಪನನ್ನು ನೋಡಿಕೊಳ್ಳಲು ಬರುವ ಹುಡುಗ, ಇವರೆಲ್ಲರ ಜತೆ 41 ಫೋನು. ಅಪ್ಪನ ಪೆನ್ಷನ್ನಿನಲ್ಲಿ ಮನೆಖರ್ಚು ಮತ್ತು ಆ ಹುಡುಗನ ಸಂಬಳ ನಡೆಯುತ್ತದೆ. ಅದರ ಮೇಲೆ ಔಷಧಿಗೆ 5,400, ಫಿಸಿಯೋಥೆರಪಿಗೆ 4,800, ತಪಾಸಣೆಗೆ 2,600, ನನ್ನ ಓಡಾಟಕ್ಕೆ 3,800, ಒಟ್ಟು 16,600 ರೂಪಾಯಿ.

ಬರೆಯುತ್ತಾ ಹೋದಂತೆ ಇನ್ನೊಂದು ವಿಷಯ ಕಂಡಿತು. ನನ್ನನ್ನು ದಣಿಸುತ್ತಿದ್ದುದು ಕೆಲಸಕ್ಕಿಂತ ಹೆಚ್ಚಾಗಿ ಅದರ ನೆನಪು. ಅಪ್ಪನ ಲೆವೊಡೋಪಾ ಮಾತ್ರೆ ದಿನಕ್ಕೆ ನಾಲ್ಕು ಸಲ, ಬೆಳಗಿನ 7ಕ್ಕೆ, 11ಕ್ಕೆ, ಮಧ್ಯಾಹ್ನ 3ಕ್ಕೆ, ಸಂಜೆ 7ಕ್ಕೆ. ಊಟಕ್ಕೆ ಅರ್ಧ ತಾಸು ಮೊದಲೇ ಕೊಡಬೇಕು, ಏಕೆಂದರೆ ಬೇಳೆ, ಹಾಲು, ಮೊಸರಿನಂಥ ಪ್ರೋಟೀನ್ ಇರುವ ಆಹಾರದ ಜತೆ ಹೋದರೆ ಆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ತಡವಾದರೆ ಮೈ ಬಿಗಿಯುತ್ತದೆ, ಕಾಲು ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ಒಮ್ಮೆಲೇ ನಿಲ್ಲಿಸುವುದಂತೂ ಅಪಾಯ. ಅವ್ವನಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಬೆಳಗಿನ ಏಳರ ಮಾತ್ರೆ ಅವಳಿಗೆ ಎಷ್ಟೋ ಸಲ ಮರೆಯುತ್ತದೆ. ಹೀಗಾಗಿ ಪುಣೆಯಲ್ಲಿ ಡಬ್ಬಿ ಕಟ್ಟುತ್ತಾ, ದಿನಾ ಏಳಕ್ಕೆ ಫೋನು ಮಾಡುವವಳು ನಾನೇ. ಯಾರಾದರೂ "ಏನಾದ್ರೂ ಬೇಕಾದ್ರ ಹೇಳು" ಅಂದರೆ ಈ ಭಾರ ಇಳಿಯುವುದಿಲ್ಲ. ಹೇಳುವುದೂ ನನ್ನ ಕೆಲಸವೇ ಆಗುತ್ತದೆ.

ಜನವರಿಯಲ್ಲಿ ಊರಿಗೆ ಹೋದಾಗ ಅವ್ವನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಬ್ಯಾಂಕಿಗೆ ಹೋದೆ. ಪ್ರತಿ ತಿಂಗಳು ತಮ್ಮನ ಖಾತೆಯಿಂದ 5,000 ಬಂದಿತ್ತು. ಎರಡು ವರ್ಷದಿಂದ ಒಂದು ತಿಂಗಳೂ ತಪ್ಪಿರಲಿಲ್ಲ. ಮೂರು ದಿನದೊಳಗೆ ಅಷ್ಟೇ ಹಣ ಮೊಮ್ಮಗಳ ಹೆಸರಿನ ಆರ್‌ಡಿಗೆ ಹೋಗಿತ್ತು. ಒಟ್ಟು 1,20,000 ರೂಪಾಯಿ. ಮನೆಗೆ ಬಂದು ಕೇಳಿದೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಂದಳು, "ಅವಂಗೂ ಸಂಸಾರ ಅದವ್ವಾ. ಮಗನ ರೊಕ್ಕ ಔಷಧಕ್ಕ ಹಾಕಿದ್ರ ನನಗ ಸಮಾಧಾನ ಇರೂದಿಲ್ಲ. ಬ್ಯಾಡ ಅಂದ್ರ ಅವಂಗ ಬ್ಯಾಸರ ಆಗ್ತದ."

ಅಂದರೆ ತಮ್ಮ, ಔಷಧದ ಖರ್ಚು ತನ್ನ ಹಣದಲ್ಲೇ ನಡೆಯುತ್ತಿದೆ ಎಂದು ತಿಳಿದುಕೊಂಡಿದ್ದ. ಅವನು ಕಿಸೆಯಿಂದ ಒಂದು ಪೈಸೆ ತೆಗೆಯುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ದೀಪಾವಳಿಯ ದಿನ ಇಬ್ಬರೂ ನಮ್ಮ ನಮ್ಮ ಸತ್ಯವನ್ನೇ ಹೇಳಿದ್ದೆವು. ಪಾಲು ಕೇಳುವ ಮೊದಲು, ಎದುರಿನವರು ಈಗಾಗಲೇ ಏನು ಮಾಡುತ್ತಿದ್ದಾರೆ ಎಂದು ಅವರನ್ನೇ ಕೇಳಬೇಕಿತ್ತು. ನಾನು ಎಲ್ಲವನ್ನೂ ಅವ್ವನಿಂದ ತಿಳಿದುಕೊಳ್ಳುತ್ತಿದ್ದೆ. ಅವ್ವ ಇಬ್ಬರಿಗೂ ನೋವಾಗದಂತೆ ಇಬ್ಬರಿಗೂ ಅರ್ಧ ಹೇಳುತ್ತಿದ್ದಳು.

ಆಮೇಲೆ ತಮ್ಮನಿಗೆ ವಾಟ್ಸಾಪಿನಲ್ಲಿ ಬರೆದೆ. ಮೂರು ಸಲ ಬರೆದು ಅಳಿಸಿ, ಕಡೆಗೆ ಕಳಿಸಿದ್ದು ಇಷ್ಟು:

"ತಮ್ಮಾ, ಭಾನುವಾರ ಒಂದು ತಾಸು ಬೇಕು. ಅಪ್ಪ ಅವ್ವಂದು ಮುಂದಿನ ಮೂರು ತಿಂಗಳ ಕೆಲಸ ಹೆಂಗ ಮಾಡೂದು, ಅಷ್ಟs ಮಾತಾಡೂಣು. ಸೈಟಿನ ಮಾತು, ಮದುವಿ ಮಾತು ನಾ ತೆಗಿಯೂದಿಲ್ಲ. ದೀಪಾವಳಿಯಾಗ ಅಪ್ಪನ ಮುಂದ ಹಂಗ ಅಂದಿದ್ದು ನಂದು ತಪ್ಪು. ಕೆಲಸದ ಪಟ್ಟಿ ಕಳಿಸೀನಿ. ನೀ ಮಾಡ್ಲಿಕ್ಹತ್ತಿದ್ದು ಏನರೆ ಬಿಟ್ಟಿದ್ರ ಸೇರ್ಸು. ಯಾವುದು ಆಗ್ತದ, ಯಾವುದು ಆಗೂದಿಲ್ಲ ನೋಡಿಡು."

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ "ಆತು. ಹನ್ನೊಂದಕ್ಕ" ಎಂದು ಬಂತು.

ಆ ಭಾನುವಾರ ನಾವಿಬ್ಬರೇ ಮಾತಾಡಿದೆವು. ನನ್ನ ಗಂಡನಾಗಲಿ, ತಮ್ಮನ ಹೆಂಡತಿಯಾಗಲಿ ಫೋನಿನಲ್ಲಿ ಇರಲಿಲ್ಲ. ಮೊದಲು ಅವ್ವನ ಆರ್‌ಡಿಯ ಸಂಗತಿ ಹೇಳಿದೆ, ಅವಳನ್ನು ಇದರ ಬಗ್ಗೆ ಕೇಳಬಾರದೆಂದೂ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದ. ಆಮೇಲೆ, "ಅಕ್ಕಾ, ನೀ ಏನು ಹೇಳಿದ್ರೂ ತಪ್ಪು ತೆಗದಂಗ ಇರ್ತದ. ಹೋದ ವರ್ಷ ನಾ ಡಾಕ್ಟರ್ ಕಡೆ ಕರ್ಕೊಂಡು ಹೋದಾಗ, ಆ ಪ್ರಶ್ನಿ ಯಾಕ ಕೇಳ್ಲಿಲ್ಲ, ಈ ಚೀಟಿ ಯಾಕ ತರ್ಲಿಲ್ಲ ಅಂದಿ. ಅದಕ್ಕ ನಾ ದೂರ ಉಳದೆ" ಅಂದ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಪಾಲು ಮಾಡುವಾಗ ಒಂದು ನಿಯಮ ಇಟ್ಟುಕೊಂಡೆವು. ಒಂದು ಕೆಲಸ ಒಬ್ಬರದೆಂದರೆ ಪೂರ್ತಿ ಅವರದೇ. ನೆನಪಿಡುವುದು, ನಿರ್ಧರಿಸುವುದು, ಮಾಡುವುದು, ಮೂರೂ. ಔಷಧಿ ತರಿಸುವುದು, ಕೆಲಸದ ಹುಡುಗನ ಸಂಬಳ ಮತ್ತು ರಜೆ, ಬ್ಯಾಂಕು, ಕರೆಂಟು ಬಿಲ್ಲು, ನವೆಂಬರಿನಲ್ಲಿ ಪೆನ್ಷನ್ನಿಗೆ ಕೊಡಬೇಕಾದ ಜೀವಂತ ಪ್ರಮಾಣಪತ್ರ, ಇವೆಲ್ಲ ತಮ್ಮನಿಗೆ. ಇವನ್ನು ಹೈದರಾಬಾದಿನಲ್ಲಿ ಕುಳಿತೇ ನಡೆಸಬಹುದು. ಬೆಳಗಿನ ಏಳರ ಫೋನೂ ಅವನೇ ಕೇಳಿ ತೆಗೆದುಕೊಂಡ. ಮೂರು ತಿಂಗಳಿಗೊಮ್ಮೆ ನರರೋಗದ ಡಾಕ್ಟರ ಭೇಟಿ, ಫಿಸಿಯೋಥೆರಪಿ, ಅವ್ವನ ಸಕ್ಕರೆ ಮತ್ತು ಮೊಣಕಾಲು ನನಗೆ. ವರ್ಷಕ್ಕೆ ಎರಡು ಸಲ ಅವನು ನಾಲ್ಕು ನಾಲ್ಕು ದಿನ ಊರಲ್ಲಿರಬೇಕು, ಆಗ ನಾನು ಹೋಗುವುದಿಲ್ಲ.

ಹಣದಲ್ಲಿ ಅರ್ಧರ್ಧ ಸಮವೆಂದು ಇಬ್ಬರಿಗೂ ಅನಿಸಲಿಲ್ಲ. ಅವನ ಸಂಬಳ ನನ್ನದಕ್ಕಿಂತ ಹೆಚ್ಚು, ನನ್ನ ಓಡಾಟ ಅವನಿಗಿಂತ ಹೆಚ್ಚು. ನೂರಕ್ಕೆ ಅರವತ್ತು ಅವನು, ನಲವತ್ತು ನಾನು ಎಂದಾಯಿತು. 16,600ರಲ್ಲಿ ಅವನದು 9,960, ನನ್ನದು 6,640. ಈ ಹಣ ಅವ್ವನ ಕೈಗೆ ಹೋಗುವುದಿಲ್ಲ, ಅದಕ್ಕೆಂದೇ ಇಟ್ಟ ಒಂದು ಖಾತೆಗೆ ಹೋಗುತ್ತದೆ. ಅವ್ವನಿಗೆ ಕಳಿಸುವ 5,000 ಹಾಗೇ ಮುಂದುವರಿಯಲಿ, ಅವಳು ಅದನ್ನು ಏನು ಮಾಡಿದರೂ ಕೇಳುವುದು ಬೇಡ ಎಂದುಕೊಂಡೆವು. ಕಡೆಯದಾಗಿ, ಇದೆಲ್ಲ ಮೂರು ತಿಂಗಳಿಗೆ ಮಾತ್ರ, ಆಮೇಲೆ ಮತ್ತೆ ಕುಳಿತು ನೋಡುವುದು. ಜೀವಮಾನಕ್ಕೆಂದು ಕೇಳಿದ್ದರೆ ಅವನು ಬಹುಶಃ ಒಪ್ಪುತ್ತಿರಲಿಲ್ಲ.

ಎಲ್ಲ ಸುಸೂತ್ರವಾಗಿ ನಡೆಯಿತು ಎಂದು ಹೇಳಲಾರೆ. ಎರಡನೆಯ ತಿಂಗಳು ಒಂದು ಶನಿವಾರ ರಾತ್ರಿ ಅಪ್ಪನ ಮಾತ್ರೆ ಮುಗಿದಿತ್ತು. ಭಾನುವಾರ ಬೆಳಗ್ಗೆ ಅವರಿಗೆ ಮಂಚದಿಂದ ಏಳಲಾಗಲಿಲ್ಲ. ಅವ್ವ ಫೋನು ಮಾಡಿದ್ದು ನನಗೆ. ಅಂಗಡಿಯವರನ್ನು ಎಬ್ಬಿಸಿ ತರಿಸಿದಾಗ ಹತ್ತು ಗಂಟೆ. "ನಿನ್ನ ಕಡಿಂದ ಇದೂ ಆಗೂದಿಲ್ಲಲ್ಲ" ಎನ್ನುವ ಮಾತು ಗಂಟಲಿನಲ್ಲೇ ಇತ್ತು. ಅದನ್ನು ಹೇಳಿ ಔಷಧಿಯ ಕೆಲಸವನ್ನು ನಾನೇ ವಾಪಸು ತೆಗೆದುಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸಂಜೆ ಕೇಳಿದೆ, "ಮಾತ್ರಿ ತೀರಿದ್ದು ನಿನಗ ಗೊತ್ತಾಗಲಿಲ್ಲ, ಯಾಕಂತ ನೋಡೂಣು." ಕೆಲಸದ ಹುಡುಗ ಗುರುವಾರವೇ ಹೇಳಿದ್ದ, ಹಳೆಯ ರೂಢಿಯಂತೆ ನನಗೆ. ನಾನು ಆಫೀಸಿನ ಗದ್ದಲದಲ್ಲಿ ಮರೆತಿದ್ದೆ! ಈಗ ಆ ಹುಡುಗ ಪ್ರತಿ ಬುಧವಾರ ಔಷಧಿ ಡಬ್ಬಿಯ ಫೋಟೋ ತೆಗೆದು ತಮ್ಮನಿಗೇ ಕಳಿಸುತ್ತಾನೆ. ಹತ್ತು ದಿನದ ಮಾತ್ರೆ ಯಾವಾಗಲೂ ಮನೆಯಲ್ಲಿರಬೇಕು ಎಂಬುದು ತಮ್ಮನೇ ಮಾಡಿದ ನಿಯಮ.

ಇದನ್ನು ಕೇಳಿದ ಗೆಳತಿಯೊಬ್ಬಳು, "ನಿನ್ನ ತಮ್ಮ ಒಪ್ಪಿದ. ನಮ್ಮಣ್ಣ ಫೋನೇ ಎತ್ತುವುದಿಲ್ಲ, ಕಾನೂನು ಇಲ್ಲವಾ?" ಎಂದು ಕೇಳಿದಳು. ಇದೆ. 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಹೊಣೆ ಒಂದೇ. ಆದರೆ ಅಲ್ಲಿ ಅರ್ಜಿ ಕೊಡಬೇಕಾದವರು ತಂದೆ ತಾಯಿ, ಅವರಿಗೆ ಆಗದಿದ್ದರೆ ಅವರ ಪರವಾಗಿ ಬೇರೆಯವರು. ಸಿಗುವುದು ತಿಂಗಳ ಜೀವನಾಂಶ. ಬೆಳಗಿನ ಏಳರ ಫೋನನ್ನು ಯಾವ ಆದೇಶವೂ ಕೊಡಿಸುವುದಿಲ್ಲ. ಪೂರ್ತಿ ಒಲ್ಲೆನೆನ್ನುವವರಿದ್ದರೆ, ಅವರಿಗಾಗಿ ಕಾಯದೆ ಹಣ ಕೊಟ್ಟು ಜನರನ್ನು ಇಟ್ಟುಕೊಳ್ಳುವುದೇ ಸರಿ ಎಂದು ಅವಳಿಗೆ ಹೇಳಿದೆ. ಹೇಳುವಾಗ ನನಗೂ ಸಂಕಟವಾಯಿತು.

ಸೈಟಿನ ಮಾತು ಹಾಗೇ ಇದೆ. ಈಗ ಅಲ್ಲಿ ಯಾರದೋ ಮೂರಂತಸ್ತಿನ ಮನೆ ಎದ್ದಿದೆ. ಆ ದಾರಿಯಲ್ಲಿ ಹೋದರೆ ನನಗೆ ಇಂದಿಗೂ ಒಳಗೆ ಚುರುಕ್ ಎನ್ನುತ್ತದೆ. ಸಾಲ ತೀರಿಸಿದ ಆ ಐದು ವರ್ಷ ತಮ್ಮನಿಗೂ ಹಾಗೇ ಚುಚ್ಚುತ್ತಿರಬಹುದು. ಒಂದಲ್ಲ ಒಂದು ದಿನ ಅದನ್ನೂ ಮಾತಾಡುತ್ತೇವೇನೋ. ಅಪ್ಪನ ಮಾತ್ರೆ ಅಲ್ಲಿಯತನಕ ಕಾಯುವಂತಿರಲಿಲ್ಲ.

ಮೊನ್ನೆ ಬೆಳಗ್ಗೆ ಏಳಕ್ಕೆ ರೂಢಿಯಂತೆ ಕೈ ಫೋನಿನ ಕಡೆ ಹೋಯಿತು. ಅಷ್ಟರಲ್ಲಿ ನೆನಪಾಯಿತು. ಏಳೂ ಹತ್ತಕ್ಕೆ ತಮ್ಮನ ಮೆಸೇಜು ಬಂತು: "ಅಪ್ಪ ನುಂಗಿದ್ರು. ಅವ್ವ ಉಪ್ಪಿಟ್ಟು ಮಾಡ್ಲಿಕ್ಹತ್ಯಾಳ. ನೀ ಏನು ಮಾಡೀದಿ?" ಬಹಳ ವರ್ಷಗಳ ಮೇಲೆ ಅವನು ನನ್ನ ತಿಂಡಿಯ ಬಗ್ಗೆ ಕೇಳಿದ್ದ. ಅವಲಕ್ಕಿ ಎಂದು ಬರೆದೆ.