ಕಾರ್ಯಕ್ರಮದ ವಿಡಿಯೊ ಮುಗಿದ ಮೇಲೆ ಮೂಲವನ್ನು ಕಾಪಿಡುವುದು ಹೇಗೆ?



ಕೆಲವು ವರ್ಷಗಳ ಹಿಂದೆ ಕಾಸರಗೋಡಿನ ಕಡೆ ನಡೆದ ‘ಕರ್ಣಭೇದನ’ ತಾಳಮದ್ದಳೆಯನ್ನು ಎರಡು ಕ್ಯಾಮೆರಾಗಳಲ್ಲಿ ಚಿತ್ರಿಸಿದ್ದೆವು. ಮೂರು ಗಂಟೆಯ ಕೂಟವನ್ನು ನಲವತ್ತು ನಿಮಿಷಕ್ಕೆ ಇಳಿಸಿ ಎಲ್ಲರಿಗೂ ಕಳುಹಿಸಿದೆವು. ಅದರಲ್ಲಿ ಕರ್ಣನ ಅರ್ಥ ಹೇಳಿದ ಹಿರಿಯರು ಆಮೇಲೆ ತೀರಿಕೊಂಡರು. ಅವರ ಮಗ ಬಂದು, “ಅಪ್ಪನ ಮಾತು ಪೂರ್ತಿ ಬೇಕಿತ್ತು” ಎಂದರು. ನನ್ನ ಬಳಿ ಪ್ರಾಜೆಕ್ಟ್ ಫೈಲ್ ಜೋಪಾನವಾಗಿತ್ತು. ತೆರೆದರೆ ಪ್ರತಿ ಕ್ಲಿಪ್ಪಿನ ಜಾಗದಲ್ಲೂ ಕೆಂಪು ಪರದೆ, ಅದರ ಮೇಲೆ Media Offline ಎಂಬ ಬರಹ. ಮೂಲ ಚಿತ್ರೀಕರಣವಿದ್ದ ಲ್ಯಾಪ್‌ಟಾಪ್ ಕೆಟ್ಟುಹೋಗಿತ್ತು; ಕ್ಯಾಮೆರಾದ ಕಾರ್ಡುಗಳನ್ನು ನಾವೇ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದ್ದೆವು. ಅವರ ಕೈಗೆ ಕೊಡಲು ಉಳಿದದ್ದು ಆ ನಲವತ್ತು ನಿಮಿಷ ಮಾತ್ರ.

ತಪ್ಪು ಎಲ್ಲಾಯಿತು? ಪ್ರಾಜೆಕ್ಟ್ ಫೈಲಿನೊಳಗೆ ವಿಡಿಯೊ ಇರುವುದಿಲ್ಲ. ಯಾವ ಕ್ಲಿಪ್ಪನ್ನು ಎಲ್ಲಿಂದ ಎಲ್ಲಿಯವರೆಗೆ ಬಳಸಿದ್ದೇವೆ, ಅದು ಯಾವ ಫೋಲ್ಡರಿನಲ್ಲಿದೆ ಎಂಬ ಪಟ್ಟಿಯಷ್ಟೇ ಅದು. ನಾವು ಬಳಸುವ ಡಾವಿಂಚಿ ರಿಸಾಲ್ವ್‌ನಲ್ಲಿ ಇನ್ನೊಂದು ತೊಡಕಿದೆ. ಪ್ರಾಜೆಕ್ಟ್ ಅದರದೇ ಡೇಟಾಬೇಸಿನಲ್ಲಿ ಕುಳಿತಿರುತ್ತದೆ. ಹಾಗಾಗಿ ವಿಡಿಯೊ ಫೋಲ್ಡರನ್ನು ಮಾತ್ರ ನಕಲು ಮಾಡಿಕೊಂಡರೆ ಎಡಿಟಿಂಗ್ ಕೆಲಸ ಜೊತೆಗೆ ಬರುವುದಿಲ್ಲ. .drp ಫೈಲನ್ನು ಮಾತ್ರ ಇಟ್ಟುಕೊಂಡರೆ ನನಗಾದ ಗತಿ.

ಎರಡನ್ನೂ ಒಟ್ಟಿಗೆ ತೆಗೆದಿಡಲು ಅದರಲ್ಲೇ ದಾರಿ ಇದೆ. ಪ್ರಾಜೆಕ್ಟ್ ಮ್ಯಾನೇಜರ್ ತೆರೆದು, ಪ್ರಾಜೆಕ್ಟಿನ ಮೇಲೆ ಮೌಸಿನ ಬಲಗುಂಡಿ ಒತ್ತಿ Export Project Archive ಆರಿಸಿ. ಮೀಡಿಯಾ ಫೈಲುಗಳಿಗೆ ಗುರುತು ಹಾಕಿ. ರೆಂಡರ್ ಕ್ಯಾಶ್ ಬೇಡ, ಅದನ್ನು ಮತ್ತೆ ತಯಾರಿಸಿಕೊಳ್ಳಬಹುದು. ಕೊನೆಗೆ .dra ಎಂದು ಮುಗಿಯುವ ಒಂದು ಫೋಲ್ಡರ್ ಸಿಗುತ್ತದೆ. ಆದರೆ ಮೀಡಿಯಾ ಪೂಲ್‌ಗೆ ತಂದುಕೊಳ್ಳದ ಕ್ಲಿಪ್ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಎಡಿಟಿಂಗಿಗೆ ಬೇಡವೆನಿಸಿದ ಕ್ಲಿಪ್ಪುಗಳನ್ನೂ ಮೊದಲು ಪೂಲ್‌ಗೆ ಹಾಕಿಕೊಳ್ಳಿ. ನಾಳೆ ಯಾರಾದರೂ ಕೇಳಿಕೊಂಡು ಬರುವುದು ಅವನ್ನೇ.

ಜಾಗದ ಲೆಕ್ಕ ಹೀಗೆ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ಚಿತ್ರಿಸಿದರೆ ಗಂಟೆಗೆ 22.5 ಜಿಬಿ. ಎರಡು ಕ್ಯಾಮೆರಾ, ತಲಾ ಮೂರು ಗಂಟೆ ಎಂದರೆ 135 ಜಿಬಿ. ಆರ್ಕೈವ್ ಎಂದರೆ ಹೊಸ ನಕಲು. ಡಿಸ್ಕಿನಲ್ಲಿ 150 ಜಿಬಿಯಾದರೂ ಖಾಲಿ ಇರಲಿ.

ಆರ್ಕೈವ್‌ನಲ್ಲಿ ಬಾರದ ಇನ್ನೊಂದು ವಸ್ತು ಅಕ್ಷರದ ಫಾಂಟ್. ಕನ್ನಡದವರಿಗೆ ಇದು ದೊಡ್ಡ ಪೆಟ್ಟು. ಹಳೆಯ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಶೀರ್ಷಿಕೆ ಹಾಕಿದ್ದರೆ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬುದು PÀ£ÀßqÀ ಎಂದು ಕಾಣುತ್ತದೆ. ಯೂನಿಕೋಡ್ ಫಾಂಟನ್ನೇ ಬಳಸಿ, ಬಳಸಿದ ಫಾಂಟ್ ಫೈಲನ್ನು ಆರ್ಕೈವ್ ಪಕ್ಕದಲ್ಲಿಡಿ. ಜೊತೆಗೆ ಒಂದು ಸಾದಾ ಪಠ್ಯ ಫೈಲಿನಲ್ಲಿ ತಂತ್ರಾಂಶದ ಆವೃತ್ತಿ, ಕಾರ್ಯಕ್ರಮದ ದಿನ, ಪ್ರಸಂಗ, ಯಾರು ಯಾವ ಪಾತ್ರ ಎಂದು ಬರೆಯಿರಿ. ಆವೃತ್ತಿ ಯಾಕೆಂದರೆ, ಹೊಸ ಆವೃತ್ತಿಯಲ್ಲಿ ಮಾಡಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯದು.

ಇನ್ನು ನಕಲುಗಳು. ಇಡೀ ಫೋಲ್ಡರನ್ನು ಎರಡು ಡಿಸ್ಕುಗಳಲ್ಲಿ ಇಡಿ, ಆದರೆ ಎರಡೂ ಒಂದೇ ಕಪಾಟಿನಲ್ಲಿ ಬೇಡ. ಒಂದು ಕಾಸರಗೋಡಿನಲ್ಲಿದ್ದರೆ ಮತ್ತೊಂದು ಹೊಸೂರಿನ ಅಥವಾ ಸೊಲ್ಲಾಪುರದ ಸದಸ್ಯರ ಮನೆಯಲ್ಲಿರಲಿ. ಊರೂರಿನಲ್ಲಿ ನಮ್ಮವರಿರುವುದು ಇಲ್ಲಿ ಒದಗುತ್ತದೆ. 135 ಜಿಬಿಯನ್ನು ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಕ್ಲೌಡ್‌ಗೆ ಏರಿಸಲು ಹದಿನೈದು ಗಂಟೆ ಬೇಕು. ಅಷ್ಟು ಆಗದಿದ್ದರೆ ಮುಗಿದ ವಿಡಿಯೊ, .drp ಫೈಲ್, ಫಾಂಟ್ ಮತ್ತು ಟಿಪ್ಪಣಿಯನ್ನಾದರೂ ಅಲ್ಲಿಡಿ. ನಮ್ಮ ನಲವತ್ತು ನಿಮಿಷದ ವಿಡಿಯೊ ಸೇರಿ ಇದು ಸುಮಾರು 3 ಜಿಬಿ.

ನಕಲು ಸರಿಯಾಗಿದೆಯೇ ಎಂದು ತಿಳಿಯಲು ಫೋಲ್ಡರ್ ಕಾಣಿಸಿದರೆ ಸಾಲದು. ಮೂಲ ವಿಡಿಯೊ ಇಲ್ಲದ ಬೇರೊಂದು ಕಂಪ್ಯೂಟರಿಗೆ ಆ ಡಿಸ್ಕನ್ನು ಜೋಡಿಸಿ. ಪ್ರಾಜೆಕ್ಟ್ ಮ್ಯಾನೇಜರಿನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ Restore Project Archive ಆರಿಸಿ, .dra ಫೋಲ್ಡರ್ ತೋರಿಸಿ. ಮೊದಲು, ನಡುವೆ, ಕೊನೆಗೆ ಓಡಿಸಿ ನೋಡಿ. ಕೆಂಪು ಪರದೆ ಎಲ್ಲೂ ಬಾರದೆ, ಶೀರ್ಷಿಕೆಯ ಒತ್ತಕ್ಷರಗಳು ಸರಿಯಾಗಿದ್ದರೆ ಆ ನಕಲು ನಂಬಿಕೆಗೆ ಅರ್ಹ. ಎರಡನೆಯ ಡಿಸ್ಕಿಗೂ ಹೀಗೆಯೇ ಮಾಡಿ. ಕ್ಯಾಮೆರಾದ ಕಾರ್ಡನ್ನು ಅಳಿಸುವುದು ಇದಾದ ಮೇಲೆಯೇ.

ಡಿಸ್ಕೂ ಒಂದು ದಿನ ಕೆಡುವ ವಸ್ತುವೇ. ಪ್ರತಿ ವರ್ಷ ರಾಜ್ಯೋತ್ಸವದ ತಯಾರಿಗೆ ಕುಳಿತಾಗ ಎರಡನ್ನೂ ಜೋಡಿಸಿ ನೋಡಿ. ಒಂದು ತೆರೆಯದಿದ್ದರೆ ಅಂದೇ ಇನ್ನೊಂದರಿಂದ ಹೊಸ ಡಿಸ್ಕಿಗೆ ನಕಲು ಮಾಡಿ, ದಿನಾಂಕವನ್ನು ಡಿಸ್ಕಿನ ಮೇಲೆ ಬರೆದು ಅಂಟಿಸಿ.